ಅಂಕಿ, ಶೇಕಡಾವಾರು, ತಾರೀಕು: ಕೇಳಿದವರ ನೆನಪಿನಲ್ಲಿ ಉಳಿಯುವಂತೆ ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ಷಿಕ ವರದಿ ಓದುವವರು, ಸುದ್ದಿ ಓದುವವರು, ಪಾಠ ಹೇಳುವವರು, ಧ್ವನಿಮುದ್ರಣಕ್ಕೆಂದು ಬರೆಯುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತುಸು ಕಷ್ಟದವು.

## ಮೊದಲ ಹೆಜ್ಜೆ

ಬರೆದದ್ದನ್ನ ಒಂದಕ್ಷರ ಬಿಡದೆ ಸ್ಪಷ್ಟವಾಗಿ ಓದ್ತೀನಿ. ಆದ್ರೂ ಕೇಳಿದವರಿಗೆ ಒಂದು ಅಂಕಿನೂ ನೆನಪಿರಲ್ಲ. ಯಾಕೆ?

ಓದುವವರ ಕಣ್ಣು ಹಿಂದಿನ ಸಾಲಿಗೆ ಮರಳಬಹುದು. ಕೇಳುವವರ ಕಿವಿಗೆ ಆ ಸವಲತ್ತಿಲ್ಲ. ಕೇಳಿದ ಅಂಕಿಯನ್ನು ಅವರು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು ಹಿಡಿದಿಟ್ಟುಕೊಳ್ಳಬೇಕು. ಹೀಗೆ ಹಿಡಿದಿಡುವ ಜಾಗ ತೀರಾ ಚಿಕ್ಕದು. 1975ರಲ್ಲಿ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ಎಷ್ಟು ಪದ ನೆನಪಿರುತ್ತದೆ ಅನ್ನುವುದು ಆ ಪದಗಳನ್ನು ಹೇಳಲು ಹಿಡಿಯುವ ಹೊತ್ತನ್ನು ಅವಲಂಬಿಸಿತ್ತು. ಸರಿಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟನ್ನು ಮಾತ್ರ ಜನ ಹಿಡಿದಿಡುತ್ತಿದ್ದರು.

ಕನ್ನಡದಲ್ಲಿ ದೊಡ್ಡ ಸಂಖ್ಯೆ ಓದುವವರಿಗೆ ಇದು ಬಲು ಮುಖ್ಯ, ಏಕೆಂದರೆ ನಮ್ಮ ಸಂಖ್ಯೆಗಳು ಬಾಯಲ್ಲಿ ಉದ್ದ. ಬೆಳಕಿನ ವೇಗ ಸೆಕೆಂಡಿಗೆ 2,99,792 ಕಿಲೋಮೀಟರ್. ಕಾಗದದ ಮೇಲೆ ಆರೇ ಅಂಕಿ. ಬಾಯಿ ಬಿಟ್ಟು ಓದಿ: ‘ಎರಡು ಲಕ್ಷ ತೊಂಬತ್ತೊಂಬತ್ತು ಸಾವಿರದ ಏಳುನೂರ ತೊಂಬತ್ತೆರಡು’. ಎಣಿಸಿದರೆ 23 ಅಕ್ಷರ, ಹೇಳಲು ಸುಮಾರು ನಾಲ್ಕು ಸೆಕೆಂಡು. ಕೊನೆಯ ‘ತೊಂಬತ್ತೆರಡು’ ಬರುವ ಹೊತ್ತಿಗೆ ಮೊದಲಿನ ‘ಎರಡು ಲಕ್ಷ’ ಜಾರಿರುತ್ತದೆ. ಅದೇ ‘ಸೆಕೆಂಡಿಗೆ ಹತ್ತಿರ ಹತ್ತಿರ ಮೂರು ಲಕ್ಷ’ ಅಂದರೆ ಸಂಖ್ಯೆಗೆ ನಾಲ್ಕೇ ಅಕ್ಷರ.

ಹಾಗಾಗಿ ಅಂಕಿ ಎಷ್ಟು ದೊಡ್ಡದು ಅಂತ ನೋಡಬೇಡಿ. ಬಾಯಲ್ಲಿ ಎಷ್ಟು ಉದ್ದ ಅಂತ ನೋಡಿ. ‘ಐನೂರು ಕೋಟಿ’ ಬೃಹತ್ ಸಂಖ್ಯೆ, ಆದರೆ ಹೇಳಲು ಚಿಕ್ಕದು. ‘ಏಳುನೂರ ಎಪ್ಪತ್ತೇಳು’ ಚಿಕ್ಕ ಸಂಖ್ಯೆ, ಹೇಳಲು ದೊಡ್ಡದು.

ಹಾಗಾದ್ರೆ ಎಲ್ಲವನ್ನೂ ರೌಂಡ್ ಫಿಗರ್ ಮಾಡಿಬಿಡೋದಾ? ಅದು ಸುಳ್ಳು ಹೇಳಿದ ಹಾಗಾಗಲ್ವಾ?

ರೌಂಡ್ ಮಾಡಿದ್ದೀರಿ ಅಂತ ಹೇಳಿದರೆ ಸುಳ್ಳಲ್ಲ. ಹೆಚ್ಚಿನ ಕಡೆ ಮೊದಲ ಎರಡು ಅಂಕಿ ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟರೆ ಸಾಕು. ಆದರೆ ಎಷ್ಟು ಬಿಡಬಹುದು ಅನ್ನುವುದು ನೀವು ಹೇಳಹೊರಟ ವಿಷಯದ ಮೇಲೆ ನಿಂತಿದೆ.

ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರ್. ಚಂದ್ರ ಎಷ್ಟು ದೂರ ಅಂತ ಹೇಳುವುದಷ್ಟೇ ನಿಮ್ಮ ಕೆಲಸವಾದರೆ ‘ನಾಲ್ಕು ಲಕ್ಷ ಕಿಲೋಮೀಟರಿಗೆ ತುಸು ಕಡಿಮೆ’ ಸಾಕು. ಆದರೆ ಚಂದ್ರ ಹತ್ತಿರ ಬಂದಾಗ ಯಾಕೆ ದೊಡ್ಡದಾಗಿ ಕಾಣುತ್ತಾನೆ ಅಂತ ವಿವರಿಸುತ್ತಿದ್ದರೆ ಈ ರೌಂಡ್ ಫಿಗರ್ ಇಡೀ ಕಥೆಯನ್ನೇ ನುಂಗುತ್ತದೆ. ಹತ್ತಿರದಲ್ಲಿದ್ದಾಗ ಸುಮಾರು 3,63,000, ದೂರದಲ್ಲಿದ್ದಾಗ ಸುಮಾರು 4,05,000. ಎರಡನ್ನೂ ‘ನಾಲ್ಕು ಲಕ್ಷ’ ಅಂದರೆ ಹೇಳಲು ಉಳಿಯುವುದೇನು? ಅಲ್ಲಿ ‘ಹತ್ತಿರ ಬಂದಾಗ ಮೂರು ಲಕ್ಷ ಅರವತ್ತು ಸಾವಿರ, ದೂರ ಹೋದಾಗ ನಾಲ್ಕು ಲಕ್ಷ ದಾಟುತ್ತಾನೆ’ ಅನ್ನಬೇಕು. ಎರಡು ಅಂಕಿಗಳ ನಡುವಿನ ಅಂತರವೇ ಸುದ್ದಿಯಾಗಿದ್ದರೆ ಆ ಅಂತರ ಉಳಿಯುವಷ್ಟು ಮಾತ್ರ ರೌಂಡ್ ಮಾಡಿ.

ಕೇಳಿದವರು ಆ ಅಂಕಿಯನ್ನೇ ಬಳಸಬೇಕಾಗಿದ್ದರೆ ರೌಂಡ್ ಮಾಡುವ ಮಾತೇ ಇಲ್ಲ. ಔಷಧದ ಪ್ರಮಾಣ, ಕಟ್ಟಬೇಕಾದ ಹಣ, ಹೊರಡುವ ಸಮಯ, ಫೋನ್ ನಂಬರ್ ಇಂಥವು.

ಇನ್ನೊಂದು ಸಣ್ಣ ವಿಷಯ: ‘ಸುಮಾರು’ ಒಂದು ಸಲ ಸಾಕು. ‘ಅಂದಾಜು ಸುಮಾರು ನಾಲ್ಕು ಲಕ್ಷದ ಆಸುಪಾಸಿನಷ್ಟು’ ಅಂತ ಓದಿದರೆ ಅಂಕಿಯ ಸುತ್ತ ಬೇಲಿ ಕಟ್ಟಿದಂತಾಗುತ್ತದೆ, ಒಳಗಿನದು ಕಾಣುವುದಿಲ್ಲ.

ನಾನು ಎಂಬತ್ತು ಅಂತೀನಿ, ಅವರು ತೊಂಬತ್ತು ಅಂತ ಕೇಳಿಸ್ಕೋತಾರೆ. ಏನ್ಮಾಡೋದು?

ಒಂಬತ್ತು, ಎಂಬತ್ತು, ತೊಂಬತ್ತು. ಮೂರರ ಬಾಲವೂ ಒಂದೇ, ವ್ಯತ್ಯಾಸ ಇರುವುದು ತಲೆಯಲ್ಲಿ ಮಾತ್ರ. ನಾವು ಮಾತಾಡುವಾಗ ತಲೆಯನ್ನೇ ನುಂಗುತ್ತೇವೆ, ಅದರಲ್ಲೂ ಹಿಂದಿನ ಪದದ ಕೊನೆಗೆ ಅಂಟಿಸಿ ಓದಿದಾಗ. ಇಪ್ಪತ್ತು ಮತ್ತು ಎಪ್ಪತ್ತು, ಇನ್ನೂರು ಮತ್ತು ಮುನ್ನೂರು, ಆರು ಮತ್ತು ಮೂರು, ಇವೂ ಅದೇ ಜಾತಿಯ ಜೋಡಿಗಳು.

ಪರಿಹಾರ ಸರಳ. ಅಂಕಿಗೆ ಮುಂಚೆ ಕೂದಲೆಳೆಯಷ್ಟು ನಿಲ್ಲಿ, ಮೊದಲ ಅಕ್ಷರಕ್ಕೆ ಒತ್ತು ಕೊಡಿ. ತಪ್ಪಾದರೆ ತೊಂದರೆ ಆಗುವ ಕಡೆ ಇನ್ನೊಂದು ದಾರಿಯಿಂದಲೂ ಅದೇ ಅಂಕಿ ಹೇಳಿ: ‘ಎಂಬತ್ತು ಜನ ಬಂದಿದ್ದರು, ನೂರಕ್ಕೆ ಇಪ್ಪತ್ತು ಕಡಿಮೆ’. ತೊಂಬತ್ತು ಅಂತ ಕೇಳಿಸಿಕೊಂಡವರು ಅಲ್ಲೇ ತಿದ್ದಿಕೊಳ್ಳುತ್ತಾರೆ.

106 ಬಂದಾಗ ವಿಶೇಷ ಎಚ್ಚರ ಬೇಕು. ‘ನೂರ ಆರು ಜನ’ ಅಂತ ಬಿಡಿಸಿ ಓದದೆ ಕೂಡಿಸಿ ಓದಿದರೆ ‘ನೂರಾರು ಜನ’ ಆಗುತ್ತದೆ. ಎಷ್ಟೋ ನೂರು ಜನ ಸೇರಿದ್ದರು ಅಂತ ಕೇಳಿದವರು ತಿಳಿಯುತ್ತಾರೆ, ಅವರ ತಪ್ಪೇನೂ ಇಲ್ಲ. 16ಕ್ಕೆ ಈ ಕಾಟವಿಲ್ಲ, ‘ಹದಿನಾರು’ ಬೇರೆ, ‘ಹತ್ತಾರು’ ಬೇರೆ. 1,006 ಬಂದರೆ ಮತ್ತೆ ಅದೇ ಜಾಗ್ರತೆ: ‘ಸಾವಿರದ ಆರು’, ‘ಸಾವಿರಾರು’ ಅಲ್ಲ.

ಅಂಕಿ ಬಂದಾಗ ದನಿ ಏರಿಸ್ಬೇಕಾ, ನಿಧಾನ ಮಾಡ್ಬೇಕಾ?

ದನಿ ಏರಿಸುವುದಕ್ಕಿಂತ ನಿಲ್ಲಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಹೆಚ್ಚಿನವರು ಅಂಕಿಗೆ ಮುಂಚೆ ನಿಂತು, ಅಂಕಿ ಹೇಳಿದ ಕೂಡಲೇ ಓಡುತ್ತಾರೆ. ನಿಲ್ಲಬೇಕಾದದ್ದು ಮುಖ್ಯವಾಗಿ ಆಮೇಲೆ. ಒಂದು ಉಸಿರಿನಷ್ಟು ಬಿಟ್ಟರೆ ಕೇಳುವವರು ಅದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಳ್ಳುತ್ತಾರೆ. ನಂತರದ ವಾಕ್ಯದಲ್ಲಿ ಇನ್ನೊಂದು ಅಂಕಿ ಇಡಬೇಡಿ. ಹೊಸ ಅಂಕಿ ಹಳೆಯದನ್ನು ತಳ್ಳಿ ಅದರ ಜಾಗದಲ್ಲಿ ಕೂರುತ್ತದೆ. ನಡುವೆ ಒಂದು ಅಂಕಿಯಿಲ್ಲದ ವಾಕ್ಯ, ‘ಅಂದರೆ ಇಷ್ಟು’ ಅಂತ ಅರ್ಥ ಹೇಳುವ ವಾಕ್ಯ, ಬರಲಿ.

ಅಂಕಿ ವಾಕ್ಯದ ಮೊದಲಿಗೆ ಬರ್ಬೇಕಾ, ಕೊನೆಗಾ?

ಅದಕ್ಕಿಂತ ಮೊದಲು ಕ್ರಿಯಾಪದ ಎಲ್ಲಿದೆ ನೋಡಿ. ಕನ್ನಡದಲ್ಲಿ ಅದು ಕೊನೆಗೆ ಬರುತ್ತದೆ. ಏರಿತೋ ಇಳಿಯಿತೋ ಅನ್ನುವ ಮುಖ್ಯ ಸಂಗತಿ ವಾಕ್ಯದ ಬಾಲದಲ್ಲಿ ಕೂತಿರುತ್ತದೆ. ಅಂಕಿಗಳೆಲ್ಲ ಅದಕ್ಕೆ ಮುಂಚೆಯೇ ಬಂದು ಹೋಗಿರುತ್ತವೆ.

ಒಂದು ಗ್ರಂಥಾಲಯದ ವರದಿಯಲ್ಲಿ ಹೀಗಿದೆ ಅಂದುಕೊಳ್ಳಿ: ‘ಹಿಂದಿನ ವರ್ಷ 48,300 ಇದ್ದ ಎರವಲು ಪುಸ್ತಕಗಳ ಸಂಖ್ಯೆ ಈ ವರ್ಷ 12,100ರಷ್ಟು ಕಡಿಮೆಯಾಗಿ 36,200ಕ್ಕೆ ಇಳಿದಿದೆ.’ ಬರಹದಲ್ಲಿ ಇದು ಸರಿಯಾದ ವಾಕ್ಯ. ಕಿವಿಗೆ ಹಾಕಿದರೆ, ಕೇಳುವವರು ‘ನಲವತ್ತೆಂಟು ಸಾವಿರದ ಮುನ್ನೂರು’ ಎಂಬುದನ್ನು ಯಾಕೆ ಹಿಡಿದುಕೊಂಡಿದ್ದೇನೆ ಅಂತ ಗೊತ್ತಿಲ್ಲದೆ ಹೊತ್ತುಕೊಂಡು ನಡೆಯಬೇಕು.

ದಿಕ್ಕನ್ನು ಮೊದಲು ಹೇಳಿ, ಅಂಕಿಯನ್ನು ಆಮೇಲೆ: ‘ಈ ವರ್ಷ ಜನ ಪುಸ್ತಕ ಕೊಂಡೊಯ್ದದ್ದು ಕಡಿಮೆ. ಕಳೆದ ವರ್ಷ ನಾಲ್ಕು ಹೋದ ಕಡೆ ಈ ವರ್ಷ ಮೂರು. ಒಟ್ಟು ಮೂವತ್ತಾರು ಸಾವಿರ.’ 48,300ರ ಮುಕ್ಕಾಲು ಭಾಗ 36,225, ಆದ್ದರಿಂದ ನಾಲ್ಕಕ್ಕೆ ಮೂರು ಅನ್ನುವುದು ನಿಜಕ್ಕೆ ತೀರಾ ಹತ್ತಿರ. ಮೊದಲ ವಾಕ್ಯ ಅಂಕಿಗೆ ಜಾಗ ಮಾಡಿಕೊಡುತ್ತದೆ. ಕೊನೆಯ ವಾಕ್ಯದಲ್ಲಿ ಕ್ರಿಯಾಪದವನ್ನೇ ಬಿಟ್ಟಿರುವುದರಿಂದ ಅಂಕಿ ವಾಕ್ಯದ ತುದಿಯಲ್ಲಿ ನಿಲ್ಲುತ್ತದೆ. ಮಾತಿನಲ್ಲಿ ನಾವು ಹೀಗೆ ಬಿಡುತ್ತಲೇ ಇರುತ್ತೇವೆ, ಬರೆದು ಓದುವಾಗ ಮಾತ್ರ ‘ಆಗಿರುತ್ತದೆ’ ನೆನಪಾಗುತ್ತದೆ.

ಲಕ್ಷ, ಕೋಟಿ ಅಂದ್ರೆ ಕೇಳೋರಿಗೆ ಎಲ್ಲಾ ಒಂದೇ ‘ತುಂಬಾ’ ಅನ್ಸತ್ತೆ. ವ್ಯತ್ಯಾಸ ಹೇಗೆ ತೋರಿಸೋದು?

ಕೇಳುವವರು ಅನುಭವದಿಂದ ಬಲ್ಲ ಅಳತೆಗೆ ತಿರುಗಿಸಿ. ಎಲ್ಲರಿಗೂ ಗೊತ್ತಿರುವ ಅಳತೆ ಹೊತ್ತು. ಒಂದು ಲಕ್ಷ ಸೆಕೆಂಡು ಅಂದರೆ ಒಂದು ದಿನ ದಾಟಿ ಇನ್ನೂ ಮೂರು ಗಂಟೆ ಚಿಲ್ಲರೆ. ಒಂದು ಕೋಟಿ ಸೆಕೆಂಡು ಅಂದರೆ ಹೆಚ್ಚುಕಡಿಮೆ ನಾಲ್ಕು ತಿಂಗಳು. ನೂರು ಕೋಟಿ ಸೆಕೆಂಡಿಗೆ ಸುಮಾರು 32 ವರ್ಷ. ಒಂದು ದಿನ, ನಾಲ್ಕು ತಿಂಗಳು, ಅರ್ಧ ಆಯುಷ್ಯ ಅಂದ ಮೇಲೆ ಲಕ್ಷವೂ ಕೋಟಿಯೂ ಒಂದೇ ಅನ್ನಿಸುವುದಿಲ್ಲ.

ಹೊರಗಿನ ಮೂಲಗಳಿಂದ ಓದುವವರಿಗೆ ಒಂದು ಮಾತು. ಮಿಲಿಯನ್, ಬಿಲಿಯನ್ ಬಂದರೆ ಓದಲು ಕೂರುವ ಮೊದಲೇ ತಿರುಗಿಸಿ ಬರೆದುಕೊಳ್ಳಿ. ಒಂದು ಮಿಲಿಯನ್ ಹತ್ತು ಲಕ್ಷ, ಒಂದು ಬಿಲಿಯನ್ ನೂರು ಕೋಟಿ. ಓದುತ್ತಾ ಓದುತ್ತಾ ತಲೆಯಲ್ಲೇ ತಿರುಗಿಸಲು ಹೋದರೆ ಒಂದು ಸೊನ್ನೆ ಎಲ್ಲೋ ಬೀಳುತ್ತದೆ. ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ, ಅದೇ ಕಷ್ಟ.

## ಶೇಕಡಾವಾರು

‘ಶೇಕಡಾ’ ಅನ್ಬೇಕಾ, ‘ಪರ್ಸೆಂಟ್’ ಅನ್ಬೇಕಾ, ‘ನೂರಕ್ಕೆ ಇಷ್ಟು’ ಅನ್ಬೇಕಾ?

ಯಾವುದಾದರೂ ಸರಿ, ಒಂದೇ ಓದಿನಲ್ಲಿ ಮೂರನ್ನೂ ಬೆರೆಸದಿದ್ದರೆ ಸಾಕು. ಎಣಿಸಬಹುದಾದ ಜನ ಅಥವಾ ವಸ್ತುಗಳ ವಿಷಯವಾದರೆ ನನ್ನ ಒಲವು ‘ನೂರಕ್ಕೆ’ ಕಡೆಗೆ. ‘ಶೇಕಡಾ ಹನ್ನೆರಡರಷ್ಟು ವಿದ್ಯಾರ್ಥಿಗಳು’ ಅಂದಾಗ ಕಣ್ಣಿಗೆ ಏನೂ ಕಾಣುವುದಿಲ್ಲ, ‘ನೂರು ಮಕ್ಕಳಲ್ಲಿ ಹನ್ನೆರಡು ಮಂದಿ’ ಅಂದಾಗ ಮಕ್ಕಳು ಕಾಣುತ್ತಾರೆ. ಅರ್ಧ, ಕಾಲು, ಮುಕ್ಕಾಲು, ಮೂರರಲ್ಲೊಂದು ಪಾಲು, ಇವು ಬಾಯಲ್ಲೂ ಚಿಕ್ಕವು, ಎಲ್ಲರಿಗೂ ಗೊತ್ತಿರುವಂಥವು. 76 ಬಂದರೆ ‘ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು’, 34 ಬಂದರೆ ‘ಮೂರರಲ್ಲೊಂದು ಪಾಲು’.

ಒಂದಕ್ಕಿಂತ ಕಡಿಮೆ ಶೇಕಡಾವಾರು ಬಂದಾಗ ನೂರನ್ನು ಬಿಟ್ಟು ಸಾವಿರಕ್ಕೋ ಹತ್ತು ಸಾವಿರಕ್ಕೋ ಹೋಗಿ: 0.3 ಅಂದರೆ ‘ಸಾವಿರಕ್ಕೆ ಮೂರು’. ಆದರೆ ಎರಡನ್ನು ಹೋಲಿಸುವಾಗ ಕೆಳಗಿನ ಸಂಖ್ಯೆ ಒಂದೇ ಇರಲಿ. ‘ಒಂದು ಕಡೆ ಇಪ್ಪತ್ತರಲ್ಲಿ ಒಬ್ಬರು, ಇನ್ನೊಂದು ಕಡೆ ಐವತ್ತರಲ್ಲಿ ಒಬ್ಬರು’ ಅಂದರೆ ಐವತ್ತು ದೊಡ್ಡದಾಗಿ ಕೇಳಿಸುತ್ತದೆ, ನಿಜದಲ್ಲಿ ಅದೇ ಚಿಕ್ಕದು. ‘ನೂರಕ್ಕೆ ಐದು, ನೂರಕ್ಕೆ ಎರಡು’ ಅನ್ನಿ.

ಹಾಳೆಯಲ್ಲಿ ‘ಶೇ.’ ಅಂತಿದ್ದರೆ ಬಾಯಲ್ಲಿ ಪೂರ್ತಿ ‘ಶೇಕಡಾ’ ಬರಲಿ ಅಂತ ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೆ. ‘ಶೇ ಹನ್ನೆರಡು’ ಅಂತ ಓದುವವರು ಇನ್ನೂ ಇದ್ದಾರೆ.

4 ಪರ್ಸೆಂಟ್ ಇದ್ದದ್ದು 6 ಪರ್ಸೆಂಟ್ ಆಯ್ತು. ಎರಡು ಹೆಚ್ಚಾಯ್ತಾ, ಐವತ್ತು ಹೆಚ್ಚಾಯ್ತಾ?

ಎರಡೂ ಲೆಕ್ಕ ಸರಿ, ಗೊಂದಲ ಇರುವುದು ಅಲ್ಲೇ. ನಾಲ್ಕರಿಂದ ಆರಕ್ಕೆ ಏರಿದ್ದು ಶೇಕಡಾವಾರು ಅಂಶದ ಲೆಕ್ಕದಲ್ಲಿ ಎರಡು. ಮೊದಲಿದ್ದ ನಾಲ್ಕಕ್ಕೆ ಹೋಲಿಸಿದರೆ ಅರ್ಧ ಹೆಚ್ಚಾಗಿದೆ, ಅಂದರೆ ಶೇಕಡಾ ಐವತ್ತು. ಬರಹದಲ್ಲಿ ‘ಶೇಕಡಾವಾರು ಅಂಶ’ ಅಂತ ಬೇರ್ಪಡಿಸಬಹುದು. ಕಿವಿಯಲ್ಲಿ ಆ ‘ಅಂಶ’ ಉಳಿಯುವುದಿಲ್ಲ. ಓದುವಾಗ ಏರಿಕೆಯನ್ನು ಹೇಳುವ ಗೋಜಿಗೇ ಹೋಗದೆ ಎರಡು ತುದಿಗಳನ್ನು ಹೇಳಿ: ‘ಮೊದಲು ನೂರಕ್ಕೆ ನಾಲ್ಕು ಇತ್ತು, ಈಗ ಆರು.’ ಲೆಕ್ಕವನ್ನು ಕೇಳಿದವರೇ ಹಾಕಿಕೊಳ್ಳುತ್ತಾರೆ, ತಾವೇ ಹಾಕಿದ ಲೆಕ್ಕ ನೆನಪಿನಲ್ಲೂ ಇರುತ್ತದೆ.

‘ಮೂರು ಪಟ್ಟಾಯಿತು’ ಮತ್ತು ‘ಮೂರು ಪಟ್ಟು ಹೆಚ್ಚಾಯಿತು’ ಕೂಡ ಇಂಥದೇ ಜೋಡಿ. ಹತ್ತು ಇದ್ದದ್ದು ಮೂವತ್ತಾಯಿತೋ ನಲವತ್ತಾಯಿತೋ? ಬರೆದವರನ್ನು ಕೇಳಿ, ಆಮೇಲೆ ‘ಹತ್ತು ಇದ್ದದ್ದು ಮೂವತ್ತಾಯಿತು’ ಅಂತ ಓದಿ.

‘ಎರಡು ಪಟ್ಟು’, ‘ಶೇಕಡಾ ನೂರು’ ಅಂದ್ರೆ ಜನ ತಲೆ ಎತ್ತಿ ಕೇಳ್ತಾರೆ. ಅದನ್ನೇ ಹೇಳಿದ್ರೆ ತಪ್ಪೇನು?

ನೆನಪಿರುತ್ತದೆ, ಖಂಡಿತ. ಆದರೆ ಏನು ನೆನಪಿರುತ್ತದೆ ಅನ್ನುವುದನ್ನೂ ನೋಡಬೇಕಲ್ಲ.

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅನ್ನುವುದು ಅದರ ಸಾರ. ಸುದ್ದಿಯಾಗಿ ಜನರ ಕಿವಿಗೆ ಬಿದ್ದದ್ದೂ ಅದೇ. ಅದರ ಹಿಂದಿದ್ದ ಎಣಿಕೆ ಹೀಗಿತ್ತು: ಹಳೆಯ ಮಾತ್ರೆ ನುಂಗುವ ಏಳು ಸಾವಿರ ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ತೊಂದರೆ, ಹೊಸ ಮಾತ್ರೆಯಲ್ಲಿ ಏಳು ಸಾವಿರಕ್ಕೆ ಇಬ್ಬರಿಗೆ. ಎರಡು ಪಟ್ಟು ನಿಜ. ಹೆಚ್ಚಾದದ್ದು ಏಳು ಸಾವಿರದಲ್ಲಿ ಒಬ್ಬರು, ಅದೂ ನಿಜ. ಎಷ್ಟೋ ಮಹಿಳೆಯರು ಹೆದರಿ ಮಾತ್ರೆಯನ್ನೇ ಬಿಟ್ಟರು. ಬೇಡದ ಗರ್ಭಗಳು ಹೆಚ್ಚಿದವು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜಿಸಲಾಗಿದೆ. ರಕ್ತ ಹೆಪ್ಪುಗಟ್ಟುವ ಅಪಾಯ ಗರ್ಭಿಣಿಯರಲ್ಲಿ ಮಾತ್ರೆಯಿಂದ ಬರುವುದಕ್ಕಿಂತಲೂ ಹೆಚ್ಚು ಅನ್ನುವುದು ಇದರಲ್ಲಿನ ಕಹಿ.

ಆದ್ದರಿಂದ ‘ಪಟ್ಟು’ ಹೇಳುವುದಾದರೆ ಅದೇ ಉಸಿರಿನಲ್ಲಿ ಎಣಿಕೆಯನ್ನೂ ಹೇಳಿ: ‘ಅಪಾಯ ಎರಡು ಪಟ್ಟು. ಏಳು ಸಾವಿರಕ್ಕೆ ಒಬ್ಬರಿದ್ದದ್ದು ಇಬ್ಬರಾಗಿದ್ದಾರೆ.’ ಎರಡರಲ್ಲಿ ಒಂದನ್ನೇ ಹೇಳಲು ಸಮಯವಿದ್ದರೆ ಎಣಿಕೆಯನ್ನು ಉಳಿಸಿಕೊಳ್ಳಿ.

3.05 ಅನ್ನ ‘ಮೂರು ಪಾಯಿಂಟ್ ಐದು’ ಅಂತ ಓದಿದ್ರೆ ನಡಿಯತ್ತಾ?

ಇಲ್ಲ, ಅದು 3.5 ಆಗುತ್ತದೆ. ‘ಮೂರು ಪಾಯಿಂಟ್ ಸೊನ್ನೆ ಐದು’. ಪಾಯಿಂಟ್ ಆದ ಮೇಲೆ ಅಂಕಿಗಳನ್ನು ಬಿಡಿಬಿಡಿಯಾಗಿ ಓದಬೇಕು. 2.25ನ್ನು ‘ಎರಡು ಪಾಯಿಂಟ್ ಇಪ್ಪತ್ತೈದು’ ಅಂದರೆ, ಅದರ ಬೆನ್ನಿಗೇ ಬರುವ 2.9 ಅದಕ್ಕಿಂತ ಚಿಕ್ಕದಾಗಿ ಕೇಳಿಸುತ್ತದೆ, ಒಂಬತ್ತಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೇ! ಪಾಯಿಂಟಿನಿಂದಲೇ ತಪ್ಪಿಸಿಕೊಳ್ಳುವುದು ಇನ್ನೂ ಒಳ್ಳೆಯದು: 2.25ಕ್ಕೆ ‘ಎರಡೂಕಾಲು’, 2.5ಕ್ಕೆ ‘ಎರಡೂವರೆ’, 2.9ಕ್ಕೆ ‘ಮೂರಕ್ಕೆ ತುಸು ಕಡಿಮೆ’.

## ಇಸವಿ, ತಾರೀಕು

ಇಸವಿನ ‘ಸಾವಿರದ ಒಂಬೈನೂರ ಅರವತ್ತೊಂಬತ್ತು’ ಅಂತ ಪ್ರತಿ ಸಲ ಪೂರ್ತಿ ಓದ್ಲೇಬೇಕಾ?

ಮೊದಲ ಸಲ ಪೂರ್ತಿ ಓದಿ, ಶತಮಾನ ಗೊತ್ತಾಗಲಿ. ಆಮೇಲೆ ‘ಅರವತ್ತೊಂಬತ್ತರಲ್ಲಿ’ ಸಾಕು. ಶತಮಾನ ಬದಲಾದ ಕಡೆ ಮಾತ್ರ ಮತ್ತೆ ಪೂರ್ತಿ ಹೇಳಬೇಕು, ‘ಹದಿನೈದರಲ್ಲಿ’ ಅಂದರೆ 1915 ಕೂಡ ಆಗಬಹುದು.

ದಿನವೂ ಬೇಕೇ ಅಂತ ಒಮ್ಮೆ ಕೇಳಿಕೊಳ್ಳಿ. ಮನುಷ್ಯ ಚಂದ್ರನ ಮೇಲೆ ಇಳಿದದ್ದು 1969ರ ಜುಲೈ 20, ಭಾನುವಾರ. ಆ ದಿನದ ನೆನಪಿನ ಕಾರ್ಯಕ್ರಮವಾದರೆ ಜುಲೈ ಇಪ್ಪತ್ತು ಬೇಕು. ಬಾಹ್ಯಾಕಾಶದ ಇತಿಹಾಸ ಹೇಳುತ್ತಿದ್ದರೆ ಇಸವಿ ಸಾಕು. ಇಸವಿ, ತಿಂಗಳು, ದಿನ, ವಾರ ನಾಲ್ಕನ್ನೂ ಕೊಟ್ಟರೆ ಕೇಳಿದವರು ನಾಲ್ಕನ್ನೂ ಬಿಡುತ್ತಾರೆ.

ಮುಂದಿನ ಸಭೆಯ ತಾರೀಕು ಎರಡೆರಡು ಸಲ ಓದಿದ್ರೂ ಜನ ತಪ್ಪು ದಿನ ಬರ್ತಾರೆ. ಏನು ಮಾಡ್ಲಿ?

ವಾರವನ್ನು ಮೊದಲು ಹೇಳಿ, ತಾರೀಕನ್ನು ಆಮೇಲೆ. ಜನರ ದಿನಚರಿ ವಾರದ ಮೇಲೆ ನಡೆಯುತ್ತದೆ, ‘ಗುರುವಾರ’ ಅಂದ ಕೂಡಲೇ ಆ ದಿನ ಬಿಡುವಿದೆಯೋ ಇಲ್ಲವೋ ಅಂತ ಯೋಚನೆ ಶುರುವಾಗುತ್ತದೆ. ಅಂಥ ಯೋಚನೆಗೆ ಅಂಟಿಕೊಂಡ ತಾರೀಕು ಉಳಿಯುತ್ತದೆ. ವಾರ ಮತ್ತು ತಾರೀಕು ಒಂದನ್ನೊಂದು ಕಾಯುತ್ತವೆ ಕೂಡ: ಹದಿನಾಲ್ಕು ಅಂದದ್ದು ಹದಿನಾರು ಅಂತ ಕೇಳಿಸಿದ್ದರೆ ಗುರುವಾರಕ್ಕೆ ತಾಳೆಯಾಗುವುದಿಲ್ಲ.

‘ಮುಂದಿನ ಶನಿವಾರ’ ಬೇಡ. ಮಂಗಳವಾರ ಇದನ್ನು ಕೇಳಿದವರಲ್ಲಿ ಕೆಲವರು ನಾಲ್ಕು ದಿನ ಎಣಿಸುತ್ತಾರೆ, ಕೆಲವರು ಹನ್ನೊಂದು. ‘ಇದೇ ಶನಿವಾರ’ ಅಥವಾ ತಾರೀಕಿನ ಜೊತೆ ‘ಶನಿವಾರ’ ಅನ್ನಿ. ಹಾಳೆಯಲ್ಲಿ 3/4 ಅಂತಿದ್ದರೆ ಅದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಅಂತ ಬರೆದವರಿಂದ ತಿಳಿದುಕೊಂಡು ತಿಂಗಳ ಹೆಸರು ಹಿಡಿದು ಓದಿ.

ಎರಡು ಸಲ ಓದುವುದು ಒಳ್ಳೆಯದೇ, ಆದರೆ ಬೆನ್ನುಬೆನ್ನಿಗೆ ಅಲ್ಲ. ಒಮ್ಮೆ ವಿಷಯ ಹೇಳುವಾಗ, ಇನ್ನೊಮ್ಮೆ ಮಾತು ಮುಗಿಸುವ ಹೊತ್ತಿಗೆ. ಎರಡೂ ಸಲ ಅದೇ ಪದಗಳು ಅದೇ ಕ್ರಮದಲ್ಲಿರಲಿ.

ಒಂದೇ ಪುಟದಲ್ಲಿ ನಾಲ್ಕೈದು ಇಸವಿಗಳಿದ್ರೆ?

ಇಸವಿಗಳ ಬದಲು ಅವುಗಳ ನಡುವಿನ ಅಂತರ ಹೇಳಿ ನೋಡಿ. ವಿಶ್ವಸಂಸ್ಥೆ ಗುರುತಿಸಿದಂತೆ ಪ್ರಪಂಚದ ಜನಸಂಖ್ಯೆ 500 ಕೋಟಿ ತಲುಪಿದ್ದು 1987ರಲ್ಲಿ, 600 ಕೋಟಿ 1999ರಲ್ಲಿ, 700 ಕೋಟಿ 2011ರಲ್ಲಿ, 800 ಕೋಟಿ 2022ರಲ್ಲಿ. ಇದ್ದಂತೆ ಓದಿದರೆ ಎಂಟು ಅಂಕಿ, ಯಾವುದೂ ನಿಲ್ಲುವುದಿಲ್ಲ.

ಅಂತರ ನೋಡಿ: ಹನ್ನೆರಡು ವರ್ಷ, ಹನ್ನೆರಡು ವರ್ಷ, ಹನ್ನೊಂದು ವರ್ಷ. ಹಾಗಾಗಿ ಹೀಗೆ ಓದಬಹುದು: ‘ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ನಾವು ಐನೂರು ಕೋಟಿ ಜನ. ಅಲ್ಲಿಂದ ಹೆಚ್ಚುಕಡಿಮೆ ಹನ್ನೆರಡು ವರ್ಷಕ್ಕೊಮ್ಮೆ ನೂರು ಕೋಟಿ ಸೇರುತ್ತಾ ಬಂತು. ಎರಡು ಸಾವಿರದ ಇಪ್ಪತ್ತೆರಡಕ್ಕೆ ಎಂಟುನೂರು ಕೋಟಿ.’ ಎರಡು ತುದಿ, ನಡುವೆ ಒಂದು ನಡಿಗೆ. 600 ಕೋಟಿ ಯಾವಾಗ ಅಂತ ಆಮೇಲೆ ಕೇಳಿದರೆ ಈ ನಡಿಗೆ ನೆನಪಿದ್ದವರು ಎಣಿಸಿ ಹೇಳುತ್ತಾರೆ.

ಅಂತರಗಳು ಹೀಗೆ ಸಮನಾಗಿ ಬರದಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಒಂದು ಇಸವಿಯನ್ನು ಕಂಬದಂತೆ ನೆಟ್ಟು ‘ಅದಕ್ಕೆ ಐದು ವರ್ಷ ಮುಂಚೆ’, ‘ಅದಾಗಿ ಮೂರೇ ವರ್ಷಕ್ಕೆ’ ಅಂತ ಉಳಿದವನ್ನು ಅದಕ್ಕೆ ಕಟ್ಟಿ.

## ಇನ್ನೂ ಆಳಕ್ಕೆ

ಒಂದು ಪ್ಯಾರಾ ತಗೊಂಡು ಮೊದಲಿಂದ ಕೊನೆ ತನಕ ಮಾಡಿ ತೋರಿಸ್ತೀರಾ?

ಪಠ್ಯಪುಸ್ತಕಗಳಲ್ಲಿ ಸಿಗುವಂಥದೇ ಒಂದು ವಿಷಯ ತೆಗೆದುಕೊಳ್ಳೋಣ:

‘ಭೂಮಿಯ ಮೇಲಿರುವ ಒಟ್ಟು ನೀರಿನ ಪ್ರಮಾಣ ಸುಮಾರು 138.6 ಕೋಟಿ ಘನ ಕಿಲೋಮೀಟರ್ ಆಗಿದ್ದು, ಅದರಲ್ಲಿ ಶೇ. 96.5ರಷ್ಟು ಸಾಗರಗಳಲ್ಲಿದೆ. ಸಿಹಿನೀರಿನ ಪ್ರಮಾಣ ಶೇ. 2.5 ಮಾತ್ರ. ಸಿಹಿನೀರಿನಲ್ಲಿ ಶೇ. 68.7ರಷ್ಟು ಹಿಮದ ರೂಪದಲ್ಲೂ, ಶೇ. 30.1ರಷ್ಟು ಅಂತರ್ಜಲವಾಗಿಯೂ, ಶೇ. 1.2ರಷ್ಟು ಮೇಲ್ಮೈಯಲ್ಲಿ ಮತ್ತಿತರ ಕಡೆಗಳಲ್ಲೂ ಇದೆ.’

ಮೊದಲ ಕೆಲಸ, ಇದನ್ನು ಕೇಳಿ ಎದ್ದು ಹೋಗುವವರು ಏನನ್ನು ಒಯ್ಯಬೇಕು ಅಂತ ತೀರ್ಮಾನಿಸುವುದು. ಸಿಹಿನೀರು ಕಡಿಮೆ, ಅದರಲ್ಲೂ ನಮ್ಮ ಕೈಗೆ ಸುಲಭವಾಗಿ ಸಿಗುವುದು ಇನ್ನೂ ಕಡಿಮೆ ಅನ್ನುವುದು ನನ್ನ ತೀರ್ಮಾನ. ಹಾಗಾದರೆ 138.6 ಕೋಟಿ ಘನ ಕಿಲೋಮೀಟರಿಗೆ ಇಲ್ಲಿ ಕೆಲಸವಿಲ್ಲ. ಘನ ಕಿಲೋಮೀಟರ್ ಎಷ್ಟು ದೊಡ್ಡದು ಅಂತ ಕಣ್ಣಿಗೆ ಕಟ್ಟಿಕೊಳ್ಳಬಲ್ಲವರೂ ಕಡಿಮೆ. ಅದು ಹೋಗಲಿ.

ಎರಡನೆಯದು, ಅಡಗಿ ಕೂತಿರುವ ಅಪಾಯ. ಮೊದಲ ಎರಡು ಶೇಕಡಾವಾರು ಒಟ್ಟು ನೀರಿನವು, ಉಳಿದ ಮೂರು ಸಿಹಿನೀರಿನವು. ನಡುವೆ ಯಾವುದರ ಶೇಕಡಾ ಅನ್ನುವುದು ಬದಲಾಗಿದೆ. ಓದುವವರಿಗೆ ‘ಸಿಹಿನೀರಿನಲ್ಲಿ’ ಎಂಬ ಪದ ಕಾಣುತ್ತದೆ, ಕೇಳುವವರು ಅದನ್ನು ದಾಟಿ ‘ಅರವತ್ತೆಂಟು ಹಿಮ’ ಅಂತ ಹಿಡಿಯುತ್ತಾರೆ. ತೊಂಬತ್ತಾರು ಸಾಗರ, ಅರವತ್ತೆಂಟು ಹಿಮ, ಕೂಡಿದರೆ ನೂರು ದಾಟಿತಲ್ಲ ಅಂತ ಗಲಿಬಿಲಿ ಶುರು.

ಇದಕ್ಕೆ ಮದ್ದು, ಎಲ್ಲವನ್ನೂ ಒಂದೇ ಪಾತ್ರೆಯಿಂದ ಅಳೆಯುವುದು. ಒಟ್ಟು ನೀರನ್ನು ನೂರು ಲೀಟರ್ ಅಂದುಕೊಂಡರೆ ಸಿಹಿನೀರು ಎರಡೂವರೆ ಲೀಟರ್. ಅದರ 68.7 ಭಾಗ ಅಂದರೆ ಒಂದು ಲೀಟರ್ 720 ಮಿಲಿಲೀಟರ್ ಹಿಮ. 30.1 ಭಾಗ ಅಂದರೆ 750 ಮಿಲಿಲೀಟರ್ ಅಂತರ್ಜಲ. 1.2 ಭಾಗ ಅಂದರೆ 30 ಮಿಲಿಲೀಟರ್. ಮೂರನ್ನೂ ಕೂಡಿ ತಾಳೆ ನೋಡಿಕೊಳ್ಳಿ: 2,500. ಸರಿ ಇದೆ.

ಈಗ ಓದುವ ರೂಪ:

‘ಭೂಮಿಯ ನೀರನ್ನೆಲ್ಲ ತಂದು ನೂರು ಲೀಟರಿನ ಒಂದು ಡ್ರಮ್ಮಿನಲ್ಲಿ ತುಂಬಿದ್ದೇವೆ ಅಂದುಕೊಳ್ಳಿ. ಅದರಲ್ಲಿ ಸಿಹಿನೀರು ಎಷ್ಟು? ಎರಡೂವರೆ ಲೀಟರ್. ಮಿಕ್ಕದ್ದೆಲ್ಲ ಉಪ್ಪು. ಆ ಎರಡೂವರೆಯಲ್ಲೂ ಮೂರರಲ್ಲಿ ಎರಡು ಪಾಲು ಹಿಮವಾಗಿ ಕೂತಿದೆ. ಉಳಿದದ್ದು ಬಹುಪಾಲು ನೆಲದಡಿ. ಕೆರೆ, ನದಿ, ಜೌಗು, ಮಣ್ಣಿನ ತೇವ, ಗಾಳಿಯ ತೇವ ಎಲ್ಲ ಸೇರಿ ಬರುವುದು ಮೂವತ್ತು ಮಿಲಿಲೀಟರ್.’

ಆರು ಅಂಕಿಗಳ ಕಡೆ ಈಗ ಮೂರೇ ಅಳತೆ: ನೂರು, ಎರಡೂವರೆ, ಮೂವತ್ತು ಮಿಲಿ. ಒಂದಕ್ಕಿಂತ ಒಂದು ಚಿಕ್ಕದಾಗುತ್ತಾ ಇಳಿಯುತ್ತವೆ, ನಡುವೆ ಅಂಕಿಯಿಲ್ಲದ ವಾಕ್ಯಗಳಿವೆ. ಬಿಟ್ಟದ್ದೇನು ಅಂತಲೂ ಗೊತ್ತಿರಲಿ. ಆ ಮೂವತ್ತು ಮಿಲಿಯೊಳಗೂ ದೊಡ್ಡ ಪಾಲು ನೆಲದೊಳಗೆ ಹೆಪ್ಪುಗಟ್ಟಿದ ಮಂಜು, ನದಿಗಳ ಪಾಲು ಹನಿಯಷ್ಟು. ಕೇಳುಗರಲ್ಲಿ ಭೂವಿಜ್ಞಾನ ಓದುವ ವಿದ್ಯಾರ್ಥಿಗಳಿದ್ದರೆ ಮೂಲ ಅಂಕಿಗಳನ್ನು ಬರೆದು ಕೈಗೆ ಕೊಡಿ, ಬಾಯಲ್ಲಿ ಇದನ್ನೇ ಓದಿ.

ಕೈಯಲ್ಲಿರೋ ಹಾಳೆಯಲ್ಲಿ ಅಂಕಿನ ಹೇಗೆ ಬರ್ಕೊಳ್ಳೋದು?

ಓದುವ ರೂಪದಲ್ಲೇ, ಅಕ್ಷರಗಳಲ್ಲಿ. 2,05,000 ಅಂತ ಬರೆದಿದ್ದರೆ ಸೊನ್ನೆ ಎಣಿಸಲು ಕಣ್ಣು ನಿಲ್ಲುತ್ತದೆ, ದನಿ ತಡವರಿಸುತ್ತದೆ, ಕೇಳುವವರಿಗೆ ಅಂಕಿಯ ಮೇಲಿನ ನಂಬಿಕೆಯೇ ಸಡಿಲವಾಗುತ್ತದೆ. ‘ಎರಡು ಲಕ್ಷದ ಐದು ಸಾವಿರ’ ಅಂತ ಬರೆದುಕೊಳ್ಳಿ. ಅಂಕಿ ಮತ್ತು ಅದರ ಅಳತೆ ಸಾಲಿನ ಕೊನೆಯಲ್ಲಿ ಮುರಿದು ಬೇರೆಬೇರೆ ಸಾಲಿಗೆ ಹೋಗದಿರಲಿ. ನಿಲ್ಲಬೇಕಾದ ಕಡೆ ಒಂದು ಓರೆಗೆರೆ ಹಾಕಿದರೆ ಸಾಕು.

ಕೇಳಿದವರಿಗೆ ನಿಜವಾಗ್ಲೂ ನೆನಪಿದೆಯಾ ಅಂತ ತಿಳ್ಕೊಳ್ಳೋದು ಹೇಗೆ?

‘ಅರ್ಥ ಆಯ್ತಾ?’ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ಓದಿ ಹೇಳಿ. ಹತ್ತು ನಿಮಿಷ ಬೇರೇನಾದರೂ ಮಾತಾಡಿ. ಆಮೇಲೆ ‘ಅದನ್ನ ಇನ್ನೊಬ್ಬರಿಗೆ ಹೇಳೋದಾದ್ರೆ ಏನಂತ ಹೇಳ್ತೀರಿ?’ ಅಂತ ಕೇಳಿ ಸುಮ್ಮನಿರಿ.

ಅವರು ಹೇಳುವುದನ್ನು ಮೂರು ಮಟ್ಟದಲ್ಲಿ ನೋಡಿ. ಏರಿತೋ ಇಳಿಯಿತೋ ಅನ್ನುವುದೇ ತಪ್ಪಿದ್ದರೆ ವಾಕ್ಯದ ಕಟ್ಟು ಸರಿಯಿಲ್ಲ, ದಿಕ್ಕು ತಡವಾಗಿ ಬಂದಿದೆ. ದಿಕ್ಕು ಸರಿ, ಗಾತ್ರ ತಪ್ಪು (ಲಕ್ಷದ ಕಡೆ ಕೋಟಿ) ಅಂದರೆ ಹೋಲಿಕೆಗೆ ಅಳತೆ ಕೊಟ್ಟಿಲ್ಲ. ದಿಕ್ಕು, ಗಾತ್ರ ಎರಡೂ ಸರಿಯಿದ್ದು ಅಂಕಿ ಮಾತ್ರ ತುಸು ಆಚೀಚೆ ಆಗಿದ್ದರೆ ತಿದ್ದಲು ಹೋಗಬೇಡಿ. 36,200 ಅಂತ ಓದಿದ್ದನ್ನು ‘ಮೂವತ್ತೈದು ಸಾವಿರವೇನೋ’ ಅಂತ ಹೇಳಿದರೆ ಓದು ಚೆನ್ನಾಗಿಯೇ ಮುಟ್ಟಿದೆ.

ಲೆಕ್ಕಪತ್ರ, ನಿರ್ಣಯ ಇಂಥವನ್ನ ಒಂದು ಅಂಕಿನೂ ಬದಲಾಯಿಸೋ ಹಾಗಿಲ್ಲ. ಅಲ್ಲೇನು ಮಾಡೋದು?

ದಾಖಲೆಯ ಸಾಲನ್ನು ಮುಟ್ಟಬೇಡಿ, ಅದರ ಹಿಂದೆ ಮುಂದೆ ಒಂದೊಂದು ವಾಕ್ಯ ಸೇರಿಸಲು ಒಪ್ಪಿಗೆ ಕೇಳಿ. ಮುಂಚೆ: ‘ಈಗ ಮೂರು ಮೊತ್ತ ಓದುತ್ತೇನೆ: ಬಂದದ್ದು, ಹೋದದ್ದು, ಉಳಿದದ್ದು. ಗಮನಿಸಬೇಕಾದದ್ದು ಉಳಿದದ್ದು.’ ಆಮೇಲೆ ದಾಖಲೆಯನ್ನು ಪೈಸೆ ಸಮೇತ ಇದ್ದಂತೆ ಓದಿ. ಓದಿ ಮುಗಿದ ಮೇಲೆ: ‘ಅಂದರೆ ಹತ್ತು ಬಂದ ಕಡೆ ಒಂಬತ್ತು ಖರ್ಚಾಗಿದೆ.’ ಮೂರು ಮೊತ್ತ ಅಂತ ಮೊದಲೇ ಹೇಳಿದ್ದರಿಂದ ಕೇಳುವವರು ಎಣಿಸುತ್ತಾ ಕೂರುತ್ತಾರೆ, ಮೊದಲ ಎರಡನ್ನು ಸಲೀಸಾಗಿ ಹೋಗಲು ಬಿಡುತ್ತಾರೆ. ಸೇರಿಸಿದ ವಾಕ್ಯ ದಾಖಲೆಯ ಭಾಗವಲ್ಲ ಅಂತ ಗೊತ್ತಾಗಲು ಅಲ್ಲಿ ಹಾಳೆಯಿಂದ ತಲೆ ಎತ್ತಿ ಮಾತಾಡಿ. ಒಪ್ಪಿಗೆಯೇ ಸಿಗದಿದ್ದರೆ ಉಳಿಯುವುದು ನಿಲುಗಡೆ ಮಾತ್ರ: ಮುಖ್ಯ ಮೊತ್ತಕ್ಕೆ ಮುಂಚೆ ಒಂದು ಉಸಿರು, ಆಮೇಲೆ ಎರಡು.